ಕಣ್ಣಿನ ಕೆಳಗಿನ ನೆರಳು

ಆ ಶನಿವಾರ ಬೆಳಿಗ್ಗೆ ಅಕ್ಕ ಸುದ್ದಗುಂಟೆಪಾಳ್ಯದ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಆದಿಚುಂಚನಗಿರಿಯಲ್ಲಿ ನಡೆಯಲಿದ್ದ ನಮ್ಮ ಮನೆದೇವರ ಪೂಜೆಯ ಪಟ್ಟಿ. ಯಾವ ಮನೆಯಿಂದ ಎಷ್ಟು ಜನ, ಅಕ್ಕಿ ಯಾರದು, ತರಕಾರಿ ಯಾರದು, ಛತ್ರದ ಬಾಡಿಗೆಗೆ ತಲಾ ಎಷ್ಟು ಎಂದು ಚಿಕ್ಕಪ್ಪ ತಮ್ಮ ಗುಂಡು ಅಕ್ಷರದಲ್ಲಿ ಬರೆದು ಎಲ್ಲರಿಗೂ ಕೊಟ್ಟಿದ್ದರು. ಮೂರು ವರ್ಷಕ್ಕೊಮ್ಮೆ ಸೇರುವ ಕೂಟ ಅದು. ಈ ಸಲ ಎಂಬತ್ತು ತಲೆ ಲೆಕ್ಕಕ್ಕೆ ಸಿಕ್ಕಿತ್ತು. ಇನ್ನೊಂದು ಕಾಗದ ಜಯನಗರದ ಚರ್ಮವೈದ್ಯೆಯೊಬ್ಬರ ಚೀಟಿ. ಅದರಲ್ಲಿ ಎರಡು ಕಣ್ಣಿನ ಪುಟ್ಟ ಚಿತ್ರ ಬರೆದು, ಕೆಳಗೆ ಬಾಣದ ಗುರುತು ಹಾಕಿ, '0.5 + 0.5' ಎಂದು ಬರೆದಿತ್ತು.

"ಇದೇನೇ ಲೆಕ್ಕ?" ಅಂದೆ.

"ಫಿಲ್ಲರ್. ಅರ್ಧ ಈ ಕಡೆ, ಅರ್ಧ ಆ ಕಡೆ. ಪೂಜೆಗೆ ಇನ್ನೂ ಆರು ವಾರ ಇದೆ. ಮಾಡಿಸೋದಾದ್ರೆ ಈಗಲೇ ಮಾಡಿಸ್ಬೇಕಂತೆ."

ನಾನು ನಕ್ಕೆ. ಆ ನಗುವಿನ ಬಗ್ಗೆ ಆಮೇಲೆ ನಾಚಿಕೆಯಾಯಿತು, ಆದರೆ ಮೊದಲು ನಕ್ಕಿದ್ದು ನಿಜ. ಲಿಪ್‌ಸ್ಟಿಕ್ ಹಚ್ಚಿಕೊಂಡರೂ ಒರೆಸಿಕೊಂಡು ಹೊರಡುವ ಅಕ್ಕ, ನಲವತ್ತೊಂದನೇ ವಯಸ್ಸಿನಲ್ಲಿ ಕಣ್ಣಿನ ಕೆಳಗೆ ಸೂಜಿ ಹಾಕಿಸಿಕೊಳ್ಳುವ ಮಾತಾಡುತ್ತಿದ್ದಳು.

ನಮ್ಮದು ತಾವರೆಕೆರೆ ಮುಖ್ಯರಸ್ತೆಯ ಹಿಂದಿನ ಗಲ್ಲಿಯಲ್ಲಿ ಎರಡನೇ ಮಹಡಿಯ ಮನೆ. ಸುತ್ತಲೂ ಕಾಲೇಜು ಹುಡುಗಿಯರ ಪಿಜಿಗಳು. ಬೆಳಗಾದರೆ ಬಾಲ್ಕನಿಗಳಲ್ಲೆಲ್ಲ ಹೇರ್ ಡ್ರೈಯರ್ ಸದ್ದು. ಕನ್ನಡಿಯ ಮುಂದೆ ನಿಲ್ಲುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಆ ಹುಡುಗಿಯರು ಹುಬ್ಬು ತಿದ್ದಿಸಿಕೊಂಡು ಬರುವುದನ್ನು ದಿನಾ ನೋಡುವ ನನಗೆ ಅಕ್ಕನ ಆಸೆ ಮಾತ್ರ ಯಾಕೆ ಅಪರಾಧದಂತೆ ಕಂಡಿತು ಎಂಬುದೇ ಈ ಬರಹದ ಪ್ರಶ್ನೆ ಎನ್ನಬಹುದು.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ಫಿಲ್ಲರ್ ಎಂದರೆ ಸಾಮಾನ್ಯವಾಗಿ ಹೈಯಲುರಾನಿಕ್ ಆಮ್ಲದ ಜೆಲ್. ಹೆಸರು ಹೆದರಿಸುತ್ತದೆ, ಆದರೆ ವಸ್ತು ನಮ್ಮ ಮೈಯಲ್ಲೇ ಇರುವಂಥದ್ದು. ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನ ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಅದರದ್ದು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ. ಹೆಸರಿನ ಮೊದಲರ್ಧ ಗಾಜು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಈಗ ಅದನ್ನು ಬಹುಪಾಲು ಬ್ಯಾಕ್ಟೀರಿಯಾಗಳಿಂದ ತಯಾರಿಸುತ್ತಾರೆ. ಹಾಗೇ ಚುಚ್ಚಿದರೆ ದೇಹ ಅದನ್ನು ಕೆಲವೇ ದಿನಗಳಲ್ಲಿ ಕರಗಿಸಿಬಿಡುತ್ತದೆ. ಆದ್ದರಿಂದ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡಿರುತ್ತಾರೆ. ಒಂದು ಸಿರಿಂಜಿನಲ್ಲಿ ಒಂದು ಮಿಲಿಲೀಟರ್, ಅಂದರೆ ಟೀ ಚಮಚದ ಐದನೇ ಒಂದು ಭಾಗ. ಅಕ್ಕನಿಗೆ ಹೇಳಿದ ಬೆಲೆ ಇಪ್ಪತ್ತೆರಡು ಸಾವಿರ.

"ಅಷ್ಟಕ್ಕೆ ಒಂದು ಒಳ್ಳೇ ರೇಷ್ಮೆ ಸೀರೆ ಬರ್ತಿತ್ತು," ಅಂದೆ.

"ಸೀರೆ ಉಟ್ಕೊಂಡ್ರೆ ಸೀರೆ ನೋಡ್ತಾರಾ? ಮುಖಾನೇ ನೋಡ್ತಾರೆ."

ನನ್ನ ಮೊದಲ ವಾದ ಬಹಳ ಸಲೀಸಾಗಿ ಬಂತು. ತಲೆ ಬಾಚಿಕೊಳ್ಳುವುದು, ಹುಬ್ಬು ತಿದ್ದಿಕೊಳ್ಳುವುದು, ಒಳ್ಳೆಯ ಬಟ್ಟೆ ಹಾಕಿಕೊಳ್ಳುವುದು ಬೇರೆ. ಅದು ಇರುವುದನ್ನು ಒಪ್ಪ ಮಾಡುವುದು. ಇಲ್ಲದ್ದನ್ನು ಒಳಗೆ ತುಂಬುವುದು ಸುಳ್ಳು. ಇಷ್ಟು ಹೇಳಿ ಗೆದ್ದೆ ಅಂದುಕೊಂಡೆ.

ಅಕ್ಕ ನನ್ನ ತಲೆಯನ್ನೇ ನೋಡಿದಳು. "ನಿನ್ನ ಕೂದಲು ಯಾವ ಬಣ್ಣ?"

"ಅದು ಮೆಹಂದಿ."

"ಕೆಳಗಿರೋದು ಯಾವ ಬಣ್ಣ ಅಂತ ಕೇಳಿದ್ದು. ಅಪ್ಪ ಹದಿನೈದು ವರ್ಷದಿಂದ ಮೀಸೆಗೆ ಬಣ್ಣ ಹಚ್ತಾರೆ, ಸುಳ್ಳುಗಾರರಾ? ನಿನ್ನ ಸೊಸೆಗೆ ಹಲ್ಲಿಗೆ ತಂತಿ ಹಾಕ್ಸಿದಾಗ ನೀನೇ ಕರ್ಕೊಂಡು ಹೋಗಿದ್ದೆ. ಅದು ಎರಡು ವರ್ಷ ನೋವು ತಿಂದು ಮೂಳೆಯೊಳಗೆ ಹಲ್ಲು ಸರಿಸೋ ಕೆಲಸ. ಆಗ ನಿನಗೆ ಸುಳ್ಳು ಅನ್ನಿಸ್ಲಿಲ್ಲ. ಚರ್ಮದ ಮೇಲಾದ್ರೆ ಒಪ್ಪ, ಚರ್ಮದ ಕೆಳಗಾದ್ರೆ ಸುಳ್ಳಾ?"

ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಸಹಜ ಮತ್ತು ಕೃತಕ ಎಂದು ನಾವು ಎಳೆಯುವ ಗೆರೆ ಹೆಚ್ಚಾಗಿ ರೂಢಿಯ ಗೆರೆ. ನಮಗೆ ಅಭ್ಯಾಸವಾದದ್ದು ಸಹಜ, ಪಕ್ಕದ ಮನೆಯವರು ಹೊಸದಾಗಿ ಶುರು ಮಾಡಿದ್ದು ಕೃತಕ. ಕಿವಿ ಚುಚ್ಚುವುದನ್ನು ನಾವು ಶಾಸ್ತ್ರ ಮಾಡಿ, ಮಗುವಿನ ಬಾಯಿಗೆ ಸಕ್ಕರೆ ಹಾಕಿ ಮಾಡುತ್ತೇವೆ. ಅದೂ ಸೂಜಿಯೇ.

ಹಾಗಾಗಿ ನಾನು ಸುಳ್ಳಿನಿಂದ ಅಪಾಯಕ್ಕೆ ಜಿಗಿದೆ. ವಾದದಲ್ಲಿ ಸೋಲುವವರು ಮಾಡುವುದೇ ಇದು. ಅಷ್ಟರಲ್ಲಿ ಅಮ್ಮ ಫೋನಿನಲ್ಲಿ ಸೇರಿಕೊಂಡಿದ್ದರು. "ಆ ಸೀರಿಯಲ್ ಹುಡುಗಿ ಸತ್ತೋದ್ಲಲ್ಲೇ!" ಎಂದರು. 2022ರ ಮೇ ತಿಂಗಳಲ್ಲಿ, ಇಪ್ಪತ್ತೊಂದು ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು ನಮ್ಮ ಮನೆಗಳಲ್ಲಿ ಇಂಥ ಮಾತು ಬಂದಾಗಲೆಲ್ಲ ಎದ್ದು ಕೂರುತ್ತದೆ. ನಾನೂ ಆ ಹೆಸರನ್ನು ಎತ್ತಿಕೊಂಡೆ.

"ಅದು ಆಪರೇಷನ್. ಇದು ಇಂಜೆಕ್ಷನ್," ಅಂದಳು ಅಕ್ಕ. "ಎರಡನ್ನೂ ಒಂದೇ ಚೀಲಕ್ಕೆ ಹಾಕಿ ನನ್ನ ಹೆದರಿಸ್ಬೇಡ. ಹೆದರಿಸೋದಾದ್ರೆ ಸರಿಯಾದ್ದನ್ನ ಹೇಳಿ ಹೆದರಿಸು."

ಅವಳ ಮಾತು ನ್ಯಾಯವಾಗಿತ್ತು. ಒಂದು ಸಾವನ್ನು ಬೆದರಿಕೆಯಾಗಿ ಬಳಸುವುದು ಆ ಹುಡುಗಿಗೂ ಅಗೌರವ. ಹಾಗಾಗಿ ಮುಂದಿನ ಭಾನುವಾರ ಅವಳ ಜೊತೆ ನಾನೂ ಆ ವೈದ್ಯೆಯ ಬಳಿ ಹೋದೆ. ಹೋಗುವ ಮೊದಲು ಒಂದು ಕೆಲಸ ಮಾಡಿದ್ದೆವು. ಅವರು ಚರ್ಮರೋಗದಲ್ಲಿ ಎಂ.ಡಿ. ಮಾಡಿದ್ದಾರೆಯೇ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಂಡೆವು. ರಾಜ್ಯದಲ್ಲಿ 2007ರ ಕಾಯ್ದೆಯ ಪ್ರಕಾರ ಖಾಸಗಿ ಕ್ಲಿನಿಕ್ಕುಗಳೂ ನೋಂದಣಿ ಮಾಡಿಸಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಕ್ಕ ಮೊದಲು ವಿಚಾರಿಸಿದ್ದು ಒಂದು ಪಾರ್ಲರಿನಲ್ಲಿ. ಅಲ್ಲಿ ಸೂಜಿಯೇ ಇಲ್ಲದ 'ಪೆನ್ನು' ಇದೆ, ಒತ್ತಡದಿಂದ ಜೆಲ್ ಒಳಗೆ ಹೋಗುತ್ತದೆ, ಕಾಲು ಭಾಗದ ದುಡ್ಡು ಸಾಕು ಎಂದಿದ್ದರಂತೆ. ಇಂಥ ಪೆನ್ನುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲೇ ಎಚ್ಚರಿಸಿದೆ. ಜೆಲ್ ಎಷ್ಟು ಆಳಕ್ಕೆ, ಯಾವ ಪದರಕ್ಕೆ ಹೋಗುತ್ತದೆ ಎಂಬುದು ಆ ಪೆನ್ನು ಹಿಡಿದವರ ಕೈಯಲ್ಲಿರುವುದಿಲ್ಲ.

ವೈದ್ಯೆ ಐವತ್ತರ ಆಸುಪಾಸಿನವರು, ಸ್ವಲ್ಪ ಗಡಸು ಧ್ವನಿ. ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ಕೈಗನ್ನಡಿ ಕೊಟ್ಟರು. "ಗದ್ದ ಎತ್ತಿ, ಬೆಳಕಿನ ಕಡೆ ಮುಖ ಮಾಡಿ," ಅಂದರು. ಗದ್ದ ಎತ್ತಿದಾಗ ಎಡಗಣ್ಣಿನ ಕೆಳಗಿನ ಕಪ್ಪು ಅರ್ಧದಷ್ಟು ಮಾಯವಾಯಿತು. ಆಮೇಲೆ ಟ್ಯೂಬ್‌ಲೈಟ್‌ನ ಕೆಳಗೆ ನಿಲ್ಲಿಸಿದರು. ಕಪ್ಪು ವಾಪಸ್ ಬಂತು, ಮೊದಲಿಗಿಂತ ಜಾಸ್ತಿಯಾಗಿ. "ಇಷ್ಟು ನೆರಳು. ಕಣ್ಣಿನ ಒಳಮೂಲೆಯಿಂದ ಕೆನ್ನೆ ಕಡೆಗೆ ಒಂದು ಕಾಲುವೆ ಇದೆಯಲ್ಲ, ಬೆಳಕು ಮೇಲಿಂದ ಬಿದ್ದರೆ ಅದರಲ್ಲಿ ನೆರಳು ಕೂರುತ್ತೆ." ಆಮೇಲೆ ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಉಳಿದ ಕಂದು ಹಾಗೇ ಇತ್ತು. "ಇದು ಚರ್ಮದ್ದೇ ಬಣ್ಣ. ನಮ್ಮ ಜನರಲ್ಲಿ ತುಂಬಾ ಸಾಮಾನ್ಯ. ಫಿಲ್ಲರ್ ಹಾಕಿದರೆ ನೆರಳು ಹೋಗುತ್ತೆ, ಬಣ್ಣ ಹೋಗಲ್ಲ. ನೀವು ಕನ್ನಡಿಯಲ್ಲಿ ನೋಡ್ತಿರೋದರಲ್ಲಿ ಅರ್ಧಕ್ಕೆ ಮಾತ್ರ ನನ್ನ ಹತ್ತಿರ ಮದ್ದಿದೆ."

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಕಣ್ಣಿನ ಕೆಳಗಿನ ಕಪ್ಪು ಒಂದೇ ಅಲ್ಲ ಎಂದು ತಿಳಿಯಲು ಒಂದು ಕಿಟಕಿ, ಒಂದು ಕನ್ನಡಿ ಸಾಕು.

ಅಪಾಯಗಳನ್ನು ಕೇಳಿದ್ದಕ್ಕೆ ಅವರು ಏನನ್ನೂ ಮುಚ್ಚಿಡಲಿಲ್ಲ. ಮೊದಲ ಎರಡು ವಾರ ಊತ, ಹಸಿರು-ನೀಲಿ ಗಾಯದ ಕಲೆ ಇರಬಹುದು. ನಿಜವಾದ ಫಲ ಗೊತ್ತಾಗುವುದು ಅದು ಇಳಿದ ಮೇಲೆಯೇ. ಆದ್ದರಿಂದ ಸಮಾರಂಭಕ್ಕೆ ಒಂದು ವಾರವಿದೆ ಎಂದು ಬಂದವರನ್ನು ಅವರು ವಾಪಸ್ ಕಳಿಸುತ್ತಾರಂತೆ. ಕಣ್ಣಿನ ಕೆಳಗಿನ ಚರ್ಮ ಬಹಳ ತೆಳು. ಜೆಲ್ ಮೇಲ್ಪದರದಲ್ಲಿ ಕುಳಿತರೆ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ. ಅದು ನೀರನ್ನು ಎಳೆದುಕೊಳ್ಳುವ ವಸ್ತುವಾದ್ದರಿಂದ ಕೆಲವರಿಗೆ ಬೆಳಿಗ್ಗೆ ಎದ್ದಾಗ ಚೀಲದಂತೆ ಊದಿಕೊಂಡಿರುತ್ತದೆ, ತಿಂಗಳುಗಟ್ಟಲೆ. ನಮ್ಮ ಆಫೀಸಿನಲ್ಲೊಬ್ಬರಿಗೆ ಹೀಗೇ ಆಗಿತ್ತು. ಎಲ್ಲರೂ ಅವರನ್ನು ರಾತ್ರಿಯಿಡೀ ಅತ್ತಿರಾ ಎಂದು ಕೇಳುತ್ತಿದ್ದರು. ಅಳು ಮರೆಸಲು ಮಾಡಿಸಿದ್ದು ಅಳುವನ್ನೇ ಬರೆದುಬಿಟ್ಟಿತ್ತು.

"ದೊಡ್ಡದು ಯಾವುದು?" ಅಂತ ಅಕ್ಕನೇ ಕೇಳಿದಳು.

"ಜೆಲ್ ರಕ್ತನಾಳದೊಳಗೆ ಹೋಗೋದು. ಅಪರೂಪ. ಆದರೆ ಹೋದರೆ ಆ ಭಾಗಕ್ಕೆ ರಕ್ತ ನಿಲ್ಲುತ್ತೆ. ಚರ್ಮ ಬೆಳ್ಳಗಾಗಿ, ಆಮೇಲೆ ಬಲೆ ಹರಡಿದ ಹಾಗೆ ಕಪ್ಪು-ಕೆಂಪು ಗೆರೆ ಬರುತ್ತೆ, ವಿಪರೀತ ನೋವು. ತಕ್ಷಣ ಹೈಯಲುರಾನಿಡೇಸ್ ಅನ್ನೋ ಕಿಣ್ವ ಹಾಕಿ ಕರಗಿಸ್ಬೇಕು. ಅದು ನನ್ನ ಫ್ರಿಜ್ಜಿನಲ್ಲಿದೆ, ನೋಡಿ ಹೋಗಿ. ಕಣ್ಣಿನ ನಾಳಕ್ಕೆ ಹೋದರೆ ದೃಷ್ಟಿ ಹೋಗಬಹುದು. ಅದು ತೀರಾ ಅಪರೂಪ. ಆದರೆ ಹಾಗಾದರೆ ವಾಪಸ್ ತರೋದು ಕಷ್ಟ. ನಾನು ಮೊಂಡು ತುದಿಯ ಸೂಜಿ ಬಳಸ್ತೀನಿ, ಅದರಿಂದ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ." ಕೊನೆಗೆ, ಹೋಗುವಾಗ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಎಂದರು. ಫಲಿತಾಂಶ ಹತ್ತಕ್ಕೂ ಸ್ವಲ್ಪ ಕೆಳಗೆ ಬಂತು. ಹೆಂಗಸರಿಗೆ ಹನ್ನೆರಡಾದರೂ ಇರಬೇಕು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದರಿಂದ ಗುಳಿ ತುಂಬುವುದಿಲ್ಲ, ಮುಖದ ಬಿಳಚು ಇಳಿದರೆ ಕಪ್ಪು ಅಷ್ಟು ಎದ್ದು ಕಾಣಲಿಕ್ಕಿಲ್ಲ ಎಂದಷ್ಟೇ ಹೇಳಿದರು.

ಆಟೋದಲ್ಲಿ ವಾಪಸ್ ಬರುವಾಗ ಅಕ್ಕ ತುಂಬಾ ಹೊತ್ತು ಮಾತಾಡಲಿಲ್ಲ. ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು, "ನೀನು ದಿನಾ ಈ ರಸ್ತೇಲಿ ಸ್ಕೂಟರ್ ಓಡಿಸ್ತೀಯ. ಅದರಲ್ಲಿ ಇರೋ ಅಪಾಯ ಇದರಲ್ಲಿ ಇರಲಾರದು."

"ನಾನು ಕೆಲಸಕ್ಕೆ ಹೋಗೋಕೆ ಓಡಿಸ್ತೀನಿ."

"ನಾನೂ ಕೆಲಸಕ್ಕೇ ಮಾಡಿಸ್ತಿರೋದು. ನಿಂಗೆ ಯಾವ ಕೆಲಸ ಅಂತ ಗೊತ್ತಿಲ್ಲ ಅಷ್ಟೆ."

ಆ ರಾತ್ರಿ ಅಡುಗೆಮನೆಯಲ್ಲಿ ಬಸ್ಸಾರಿಗೆ ಸೊಪ್ಪು ಬಿಡಿಸುತ್ತ ಅವಳು ಆ ಕೆಲಸ ಯಾವುದೆಂದು ಹೇಳಿದಳು. ಭಾವ ಮನೆ ಬಿಟ್ಟು ಏಳು ತಿಂಗಳಾಗಿತ್ತು. ಅದು ಅಪ್ಪ, ಅಮ್ಮ, ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಪೂಜೆಯ ಪಟ್ಟಿಯಲ್ಲಿ ಅವರ ಮನೆಯ ಮುಂದೆ ಚಿಕ್ಕಪ್ಪ 'ಮೂರು' ಎಂದು ಬರೆದಿದ್ದನ್ನು ಅಕ್ಕ ತಿದ್ದಿರಲಿಲ್ಲ. ಕಂಪನಿಯವರು ಹೊರದೇಶಕ್ಕೆ ಕಳಿಸಿದ್ದಾರೆ ಎಂದು ಹೇಳುವುದೂ ಅವಳಿಗೆ ಇಷ್ಟವಿರಲಿಲ್ಲ.

"ಸೋದರತ್ತೆ ಗೊತ್ತಲ್ಲ? ಬಾಗಿಲಲ್ಲೇ ಮುಖ ಹಿಡ್ಕೋತಾರೆ. 'ಯಾಕಮ್ಮಾ ಇಷ್ಟು ಸೊರಗಿದ್ದೀಯ? ಕಣ್ಣೆಲ್ಲ ಗುಳಿ ಬಿದ್ದಿದೆ?' ಅಂತಾರೆ. ಪ್ರೀತಿಯಿಂದಾನೇ. ಆದ್ರೆ ಅದು ಒಂದು ಬಾಗಿಲು. ಒಬ್ರು ತೆಗೆದ್ರೆ ಎಂಬತ್ತು ಜನ ಒಳಗೆ ಬರ್ತಾರೆ. ನನಗೆ ಚೆಂದ ಕಾಣ್ಬೇಕು ಅಂತಿಲ್ಲ ಕಣೇ. ಅವರು ಓದಬಾರದು, ಅಷ್ಟೆ."

ನಮ್ಮ ಭಾಷೆಯಲ್ಲಿ ಮುಖವನ್ನು ಓದುವ ಮಾತುಗಳು ಎಷ್ಟಿವೆ ಎಂದು ಆಗ ಹೊಳೆಯಿತು. ಮುಖ ಬಾಡಿದೆ, ಕಳೆಗುಂದಿದೆ, ಕಳೆ ಬಂದಿದೆ, ಮುಖ ಸಣ್ಣಗೆ ಮಾಡಿಕೊಂಡ, ಮುಖ ಕೆಡಿಸಿಕೊಂಡ. ಬೇರೆಯವರ ಮುಖ ನಮಗೆ ಊರ ಚಾವಡಿಯ ಗೋಡೆಯಂತೆ, ಯಾರು ಬೇಕಾದರೂ ನಿಂತು ಓದಬಹುದು. 'ಹೇಗಿದ್ದೀಯ' ಎಂದು ಕೇಳಿ ಉತ್ತರಕ್ಕೆ ಕಾಯುವ ಮೊದಲೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಆಗ ನನ್ನ 'ಸುಳ್ಳು' ಎಂಬ ಮಾತು ಬೇರೆ ರೂಪದಲ್ಲಿ ವಾಪಸ್ ಬಂತು. ಹೇಳದಿರುವುದು ಮತ್ತು ಸುಳ್ಳು ಹೇಳುವುದು ಒಂದೇ ಅಲ್ಲ. ಸುಳ್ಳನ್ನು ಯಾವ ಕಾರಣಕ್ಕೂ ಒಪ್ಪದ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ, ತನಗೆ ಖಚಿತವಿರುವ ಎಷ್ಟೋ ಸಂಗತಿಗಳನ್ನು ಬಾಯಿಬಿಟ್ಟು ಹೇಳಲಾರೆ, ಆದರೆ ತನಗೆ ಅನಿಸದ್ದನ್ನು ಎಂದೂ ಹೇಳುವುದಿಲ್ಲ ಎಂಬರ್ಥದ ಮಾತನ್ನು 1766ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಬಾಯಿಗೆ ಈ ಹಕ್ಕಿದೆ. ಮೌನವಾಗಿ ಕೂರಬಹುದು. ಮುಖಕ್ಕೆ ಆ ಹಕ್ಕು ಇಲ್ಲವೇ? ಬಾಯಿ ಮುಚ್ಚಿಕೊಂಡರೂ ಕಣ್ಣಿನ ಕೆಳಗಿನ ಗುಳಿ ಮಾತಾಡುತ್ತಿದ್ದರೆ, ಅದನ್ನು ಸುಮ್ಮನಿರಿಸುವುದನ್ನು ಸುಳ್ಳು ಎನ್ನುವುದು ಹೇಗೆ? ಅಕ್ಕ ಕೇಳುತ್ತಿದ್ದುದು ಯೌವನವನ್ನಲ್ಲ, ಮೌನವನ್ನು.

ಇಲ್ಲಿಗೆ ನಾನು ಒಪ್ಪಿಬಿಡಬೇಕಿತ್ತು. ಆದರೆ ಒಂದು ಮುಳ್ಳು ಉಳಿದಿತ್ತು.

"ಅಜ್ಜಿ ಇರ್ತಾರಲ್ಲ?" ಅಂದೆ. ಅಜ್ಜಿಗೆ ಈಗ ಕಿವಿ ಮಂದ. ಫೋನಿನಲ್ಲಿ ಮಾತಾಡಲಾರರು. ನಮ್ಮ ಸುಖದುಃಖ ಅವರಿಗೆ ಗೊತ್ತಾಗುವುದು ಮುಖ ಸವರಿ ನೋಡಿದಾಗ ಮಾತ್ರ. "ಸೋದರತ್ತೆಗೆ ಬಾಗಿಲು ಹಾಕಿದ್ರೆ ಅಜ್ಜಿಗೂ ಹಾಕಿದ ಹಾಗಾಯ್ತಲ್ಲ? ಒಂದೇ ಮುಖ ತಾನೇ."

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ಅಜ್ಜಿಗೆ ನಾನು ಹೇಳ್ತೀನಿ. ಪಕ್ಕದಲ್ಲಿ ಕೂತು, ಕಿವಿಯಲ್ಲಿ. ಮುಖ ಹೇಳೋದು ಬೇಡ, ನಾನೇ ಹೇಳ್ತೀನಿ."

ಈ ಮಾತಿನ ಮುಂದೆ ನನ್ನ ಹತ್ತಿರ ಯಾವ ನೀತಿಯೂ ಉಳಿಯಲಿಲ್ಲ. ಯಾರಿಗೆ ಗೊತ್ತಾಗಬೇಕು ಎಂಬುದನ್ನು ತಾನೇ ಆರಿಸಿಕೊಳ್ಳುವವಳನ್ನು ವಂಚಕಿ ಎನ್ನಲು ಬರುವುದಿಲ್ಲ. ಫಿಲ್ಲರ್ ತಪ್ಪು ಎಂದು ತೋರಿಸುವ ನನ್ನ ಕೆಲಸ ಮುಗಿದಿತ್ತು. ನಾನು ಸೋತಿದ್ದೆ.

ಆದರೆ ತಪ್ಪಲ್ಲ ಎಂದ ಮಾತ್ರಕ್ಕೆ ತಕ್ಕದ್ದು ಎಂದಾಗುವುದಿಲ್ಲ. ಸೋತ ಮೇಲೆ ಬೇರೆಯದನ್ನು ಕೇಳುವುದು ಸುಲಭವಾಯಿತು: ಅವಳು ಬಯಸಿದ ಮೌನವನ್ನು ಇದು ನಿಜವಾಗಿ ಕೊಡುತ್ತದೆಯೇ? ಗುಳಿ ತುಂಬಿದರೂ ಕಂದು ಬಣ್ಣ ಇರುತ್ತದೆ. ಆಕಸ್ಮಾತ್ ಊತ ನಿಂತುಬಿಟ್ಟರೆ ಅದೂ ಓದಿಗೆ ಸಿಗುತ್ತದೆ. ಎಲ್ಲ ಚೆನ್ನಾಗಿ ಬಂದರೂ ಅಮೆರಿಕದಿಂದ ಬರುವ ದೊಡ್ಡಮ್ಮನ ಮಗಳಿಗೆ ಇಂಥದ್ದರಲ್ಲಿ ಪಳಗಿದ ಕಣ್ಣಿದೆ. 'ಏನೋ ಮಾಡಿಸಿಕೊಂಡಿದ್ದಾಳೆ' ಎಂದರೆ ಮುಂದಿನ ಪ್ರಶ್ನೆ 'ಯಾಕೆ' ಎಂದೇ. ಒಂದು ಸುದ್ದಿಯನ್ನು ಅಳಿಸಿ ಇನ್ನೊಂದನ್ನು ಬರೆದಂತೆ. ಮತ್ತೆ, ಕೂಟ ಇರುವುದು ಒಂದೂವರೆ ದಿನ. ಜೆಲ್ ಒಂದು ವರ್ಷವೋ, ಕಣ್ಣಿನ ಕೆಳಗಾದರೆ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲವೋ ಇರುತ್ತದೆ. ಸೋದರತ್ತೆಯ ಒಂದು ವಾಕ್ಯಕ್ಕಾಗಿ ಅಷ್ಟು ದಿನ ಮುಖದೊಳಗೆ ಏನನ್ನೋ ಹೊತ್ತುಕೊಂಡಿರಬೇಕೇ?

"ಅದನ್ನ ಕರಗಿಸ್ಬಹುದು," ಅಂದಳು.

"ಅದಕ್ಕೂ ಇನ್ನೊಂದು ಸೂಜಿ."

"ಹಾಗಾದ್ರೆ ನಿನ್ನ ಹತ್ತಿರ ಏನಿದೆ? ಸೌತೆಕಾಯಿ ಇಟ್ಕೋ ಅಂತೀಯಾ?"

ಅವಳ ವ್ಯಂಗ್ಯ ಸರಿಯಾಗಿತ್ತು. ಸರಳ ಅಲಂಕಾರ ಎಂದು ಬೋಧಿಸುವವರು ಬಹಳ ಸಲ ಕೆಲಸಕ್ಕೆ ಬಾರದ್ದನ್ನು ಹೇಳುತ್ತಾರೆ. ಸೌತೆಕಾಯಿಯ ತಂಪು ಊತವನ್ನು ಸ್ವಲ್ಪ ಇಳಿಸಬಹುದು. ಗುಳಿಗೆ ಅದು ಏನೂ ಮಾಡದು. ನಾವು ಕನ್ನಡಿ ಹಿಡಿದುಕೊಂಡು, ವೈದ್ಯೆ ಮಾಡಿದ ಪರೀಕ್ಷೆಯಿಂದಲೇ ಶುರು ಮಾಡಿದೆವು. ಅರ್ಧ ನೆರಳು, ಅರ್ಧ ಬಣ್ಣ. ನೆರಳಿಗೆ ಬೇಕಾದ್ದು ಬೆಳಕು ಅಥವಾ ಮರೆ, ಬಣ್ಣಕ್ಕೆ ಬೇಕಾದ್ದು ಅದನ್ನು ಮರೆಸುವ ಬಣ್ಣ.

ಮರೆ ಸಿಕ್ಕಿದ್ದು ಕನ್ನಡಕದಲ್ಲಿ. ಅಕ್ಕ ಎಂಟು ವರ್ಷದಿಂದ ಅಂಚೇ ಇಲ್ಲದ ಕನ್ನಡಕ ಹಾಕುತ್ತಿದ್ದಳು. ನನ್ನ ಹಳೆಯ ದಪ್ಪ ಚೌಕಟ್ಟನ್ನು ಅವಳಿಗೆ ಹಾಕಿ ನೋಡಿದೆ. ಕೆಳಗಿನ ಅಂಚು ಸರಿಯಾಗಿ ಆ ಕಾಲುವೆಯ ಮೇಲೆ ಕುಳಿತಿತು. ಟ್ಯೂಬ್‌ಲೈಟ್‌ನ ಕೆಳಗೂ ನೋಡುವವರ ಕಣ್ಣು ಅಂಚಿಗೆ ಹೋಗುತ್ತಿತ್ತು, ನೆರಳಿಗಲ್ಲ. ಆದರೆ ಚೌಕಟ್ಟು ಕಡುಗಪ್ಪಾದರೆ ಅದೇ ಒಂದು ನೆರಳಾಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅರ್ಧ ದಿನ ತಿರುಗಿ, ಜೇನು ಬಣ್ಣದ್ದೊಂದನ್ನು ಆರಿಸಿದೆವು. ಮೂಗಿನ ಮೇಲೆ ಜಾರಿದರೆ ಲೆಕ್ಕ ತಪ್ಪುತ್ತದೆಂದು ಅಂಗಡಿಯವನಿಂದ ಎರಡು ಸಲ ಸರಿಮಾಡಿಸಿಕೊಂಡಳು.

ಕೂದಲಿಗೆ ಅವಳು ಕಡುಗಪ್ಪು ಬಣ್ಣ ಹಚ್ಚುತ್ತಿದ್ದಳು. ಬಿಳಚಿದ ಮುಖದ ಸುತ್ತ ಕಡುಗಪ್ಪು ಇದ್ದರೆ ಪ್ರತಿ ಗುಳಿಯೂ ಎದ್ದು ಕಾಣುತ್ತದೆ. ಕಂದು ಛಾಯೆಗೆ ಬದಲಾಯಿಸಿದೆವು. ಹೊಸ ಬಣ್ಣವಾದ್ದರಿಂದ ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದೆವು, ಯಾಕೆಂದರೆ ಇಂಥ ಬಣ್ಣಗಳಿಗೆ ಅಲರ್ಜಿಯಾದರೆ ಮೊದಲು ಊದಿಕೊಳ್ಳುವುದು ಕಣ್ಣೇ. ಹುಬ್ಬಿನ ಥ್ರೆಡ್ಡಿಂಗ್ ಪೂಜೆಗೆ ನಾಲ್ಕು ದಿನ ಮೊದಲು, ಹಿಂದಿನ ದಿನ ಅಲ್ಲ. ಕಂದು ಬಣ್ಣವನ್ನು ಮರೆಸಲು ಕಿತ್ತಳೆ. ಕಿತ್ತಳೆ ಛಾಯೆಯ ಕನ್ಸೀಲರನ್ನು ಅಕ್ಕಿಕಾಳಿನಷ್ಟು ಉಂಗುರಬೆರಳಿನಲ್ಲಿ ತಟ್ಟಬೇಕು, ಉಜ್ಜಬಾರದು. ಜಾಸ್ತಿಯಾದರೆ ಮಧ್ಯಾಹ್ನದ ಹೊತ್ತಿಗೆ ಸುಕ್ಕಿನಲ್ಲಿ ಗೆರೆಗೆರೆಯಾಗಿ ಕೂರುತ್ತದೆ. ಪಕ್ಕದ ಪಿಜಿಯ ಹುಡುಗಿಯೊಬ್ಬಳೇ ಇದನ್ನು ಕಲಿಸಿಕೊಟ್ಟದ್ದು. ಅವಳಿಗೆ ಹತ್ತೊಂಬತ್ತು ವರ್ಷ, ಅಕ್ಕನಿಗೆ 'ಆಂಟಿ, ಹಾಗಲ್ಲ' ಎಂದು ಗದರಿಸುತ್ತಿದ್ದಳು.

ಇದೆಲ್ಲ ಸೇರಿ ನೆರಳು ಇಲ್ಲವಾಯಿತೇ? ಇಲ್ಲ. ಫಿಲ್ಲರ್ ಚೆನ್ನಾಗಿ ಕೂತಿದ್ದರೆ ಗುಳಿಯ ಮಟ್ಟಿಗೆ ಇದಕ್ಕಿಂತ ಹೆಚ್ಚು ಮಾಡುತ್ತಿತ್ತು, ಕನ್ನಡಕ ತೆಗೆದಾಗಲೂ. ಅದನ್ನು ನಾನು ಒಪ್ಪಬೇಕು. ಆದರೆ ಕನ್ನಡಕವನ್ನು ರಾತ್ರಿ ತೆಗೆದಿಡಬಹುದು, ಬಣ್ಣವನ್ನು ತೊಳೆಯಬಹುದು. ನನಗೆ ಕೊನೆಗೂ ಉಳಿದ ವ್ಯತ್ಯಾಸ ಅದೊಂದೇ.

ಅಕ್ಕ ಅವಸರದಲ್ಲಿ ತೀರ್ಮಾನ ಮಾಡಲಿಲ್ಲ. ಒಂದು ವಾರ ಬಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ ದಿನ ಮುಂದೆ ಹಾಕಿಸಿದಳು. ರದ್ದು ಮಾಡಲಿಲ್ಲ. ನನಗೆ ಹೇಳಿದ್ದು ಇಷ್ಟು: "ಅವರು ನೋಡ್ತಾರೆ ಅಂತ ಮಾಡಿಸೋದು ಬೇಡ ಅನ್ನಿಸ್ತು. ದೇವರಿಗೆ ಹೋಗಿ ಬಂದ್ಮೇಲೆ, ಯಾರೂ ನೋಡೋರಿಲ್ಲದಾಗಲೂ ಬೇಕು ಅನ್ನಿಸಿದ್ರೆ ಮಾಡಿಸ್ಕೋತೀನಿ. ಆಗ ನೀನು ಬಾಯಿ ಮುಚ್ಕೊಂಡು ಗಾಡೀಲಿ ಕರ್ಕೊಂಡು ಹೋಗ್ಬೇಕು. ನೀತಿ ಹೇಳ್ಬಾರ್ದು."

ಒಪ್ಪಿದೆ.

ಪೂಜೆಯ ದಿನ ಸೋದರತ್ತೆ ಛತ್ರದ ಬಾಗಿಲಲ್ಲೇ ನಿಂತಿದ್ದರು. ಅಕ್ಕನ ಮುಖ ಹಿಡಿದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಸೊರಗಿದ್ದೀಯಲ್ಲೇ," ಎಂದೇ ಅಂದರು. ಜೇನು ಬಣ್ಣದ ಚೌಕಟ್ಟು, ಕಿತ್ತಳೆ ಕನ್ಸೀಲರ್ ಯಾವುದೂ ಅವರನ್ನು ತಡೆಯಲಿಲ್ಲ. ಸಿರಿಂಜಿನ ಜೆಲ್ಲೂ ತಡೆಯುತ್ತಿರಲಿಲ್ಲವೇನೋ, ಅವರು ಓದಿದ್ದು ಕಣ್ಣಿನ ಕೆಳಗಲ್ಲ. ಅಕ್ಕ ನಕ್ಕು, "ಹೂಂ ಅತ್ತೆ, ಸ್ವಲ್ಪ. ನಿಮ್ಮ ಮಂಡಿನೋವು ಹೇಗಿದೆ?" ಅಂದಳು. ಅತ್ತೆ ಮಂಡಿನೋವಿನ ಕಥೆ ಶುರು ಮಾಡಿದರು. ಇಷ್ಟು ಸುಲಭದಲ್ಲಿ ಬಾಗಿಲು ಮುಚ್ಚಬಹುದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಛತ್ರದ ಮೂಲೆಯಲ್ಲಿ ಅಜ್ಜಿಯ ಪಕ್ಕ ಅಕ್ಕ ಕುಳಿತಿದ್ದಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. ಅಜ್ಜಿಯ ಕಿವಿಗೆ ಬಾಯಿ ಹಚ್ಚಿ ತುಂಬಾ ಹೊತ್ತು ಮಾತಾಡಿದಳು. ಅಜ್ಜಿ ಏನು ಹೇಳಿದರೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಅದಾಗಿ ಎರಡು ತಿಂಗಳಾಯಿತು. ಮೊನ್ನೆ ಅಕ್ಕ ಫೋನ್ ಮಾಡಿ, ಹಿಮೋಗ್ಲೋಬಿನ್ ಹನ್ನೊಂದೂವರೆಗೆ ಬಂದಿದೆ ಎಂದಳು. ಆಮೇಲೆ ಸ್ವಲ್ಪ ತಡೆದು, ಗುರುವಾರ ಮಧ್ಯಾಹ್ನ ಮೂರಕ್ಕೆ ಜಯನಗರದಲ್ಲಿ ಸಮಯ ಸಿಕ್ಕಿದೆ, ಎಡಗಣ್ಣಿಗೆ ಮಾತ್ರ, ಎಂದಳು. ನಾನು ಏನನ್ನೂ ಕೇಳಲಿಲ್ಲ. ಅರ್ಧ ದಿನ ರಜೆ ಹಾಕಿದ್ದೇನೆ.